ನಾಟ್ ಅಪ್ಲಿಕೇಬಲ್

ನಮ್ಮ ಚಿಕ್ಕಪ್ಪ ಬ್ಯಾಂಕಿನಿಂದ ನಿವೃತ್ತರಾದ ಮರುವರ್ಷವೇ ಬಡಾವಣೆಯ ನಿವಾಸಿಗಳ ಸಂಘಕ್ಕೆ ಖಜಾಂಚಿಯಾದರು. ಆ ದಿನದಿಂದ ನಾನು ಸಂಬಳವಿಲ್ಲದ ಗುಮಾಸ್ತನಾದೆ. ಕಳೆದ ಭಾನುವಾರ ಬೆಳಿಗ್ಗೆ ಅವರು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ ಚಿತ್ರದಲ್ಲಿ #N/A ಎಂಬ ನಾಲ್ಕು ಅಕ್ಷರಗಳ ಹೊರತು ಬೇರೇನೂ ಇರಲಿಲ್ಲ. ತಪ್ಪಿರುವುದು ಅಲ್ಲೇ ತಾನೇ ಎಂದು ಅಷ್ಟನ್ನೇ ಅಚ್ಚುಕಟ್ಟಾಗಿ ಕತ್ತರಿಸಿ ಕಳುಹಿಸಿದ್ದರು.

ಫೋನ್ ಮಾಡಿದಾಗ ಅವರು ಆತಂಕದಲ್ಲಿದ್ದರು. ವಾರ್ಷಿಕ ನಿರ್ವಹಣಾ ಶುಲ್ಕ ಯಾರು ಎಷ್ಟು ಕಟ್ಟಿದ್ದಾರೆ ಎಂಬ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಯಾರಿಸಿ, ಮರುಪರಿಶೀಲಿಸದೆ, ಹಿಂದಿನ ರಾತ್ರಿಯೇ ಬಡಾವಣೆಯ ಗುಂಪಿಗೆ ಹಾಕಿಬಿಟ್ಟಿದ್ದರು. ಒಟ್ಟು 48 ಸೈಟುಗಳಲ್ಲಿ 26ರ ಮುಂದೆ #N/A ಎಂದು ಬಂದಿತ್ತು. ಎಕ್ಸೆಲ್ ಹೇಳಲು ಹೊರಟಿದ್ದು ‘ನಾಟ್ ಅವೈಲಬಲ್’, ಅಂದರೆ ಹುಡುಕಿದ್ದು ಸಿಗಲಿಲ್ಲ ಎಂದು. ಆದರೆ ಸರ್ಕಾರಿ ಅರ್ಜಿಗಳನ್ನು ತುಂಬಿ ತುಂಬಿ ಪಳಗಿದ ನಮ್ಮ ಜನ ಅದನ್ನು ‘ನಾಟ್ ಅಪ್ಲಿಕೇಬಲ್’ ಎಂದು ಓದಿಕೊಂಡು, ಈ ವರ್ಷದ ಶುಲ್ಕ ತಮಗೆ ಅನ್ವಯಿಸುವುದಿಲ್ಲವೆಂದು ಖಜಾಂಚಿಗೆ ಕೈಮುಗಿಯುವ ಚಿತ್ರಗಳನ್ನು ಕಳುಹಿಸಿದ್ದರು. ಅವರಲ್ಲಿ ಇಬ್ಬರಂತೂ ಕಟ್ಟಿದ ಹಣ ಯಾವಾಗ ವಾಪಸು ಬರುತ್ತದೆ ಎಂದು ಕೇಳಿದ್ದರು.

“ಚಿಕ್ಕಪ್ಪ, ಇಡೀ ಪರದೆಯ ಚಿತ್ರ ಕಳಿಸಿ. ತಪ್ಪು ಬಂದ ಒಂದು ಚೌಕದ ಮೇಲೆ ಒಂದು ಸಲ ಒತ್ತಿ, ಮೇಲಿನ ಪಟ್ಟಿಯಲ್ಲಿ ಸೂತ್ರ ಕಾಣೋ ಹಾಗೆ ತೆಗೀರಿ” ಎಂದೆ. ಸೂತ್ರ, ಸಾಲಿನ ಸಂಖ್ಯೆ, ಕಾಲಮ್ಮಿನ ಅಕ್ಷರ ಈ ಮೂರೂ ಕಾಣದ ಎಕ್ಸೆಲ್ ಚಿತ್ರದಿಂದ ರೋಗ ಪತ್ತೆ ಹಚ್ಚುವುದು ಕೆನ್ನೆಯ ಫೋಟೋ ನೋಡಿ ಹಲ್ಲು ಕೀಳುವಷ್ಟೇ ಸಾಧ್ಯ. ಎರಡನೆಯ ಪ್ರಯತ್ನದಲ್ಲಿ ಅವರ ಹೆಬ್ಬೆರಳು ಬಂತು. ಮೂರನೆಯದರಲ್ಲಿ ಹದಿನಾಲ್ಕನೆಯ ಸಾಲು ಬಂತು, ಅದರ ಮೇಲೆ ಸೂತ್ರವೂ ಕಂಡಿತು:

```
=VLOOKUP(A14,Sheet2!A14:B60,2,FALSE)
```

VLOOKUP ಎಂದರೆ ಸೈಟಿನ ಸಂಖ್ಯೆಯನ್ನು ಇನ್ನೊಂದು ಪಟ್ಟಿಯಲ್ಲಿ ಹುಡುಕಿ, ಅದರ ಪಕ್ಕದ ಮೊತ್ತವನ್ನು ತಂದುಕೊಡುವ ಸೂತ್ರ. ರೋಗ ಅಲ್ಲೇ ಎದ್ದು ಕಾಣುತ್ತಿತ್ತು. ಚಿಕ್ಕಪ್ಪನ ಮೊದಲ ಹಾಳೆಯಲ್ಲಿ B-1ರಿಂದ B-48ರವರೆಗಿನ ಸೈಟುಗಳು ಕ್ರಮವಾಗಿ ಇದ್ದವು. ಎರಡನೆಯ ಹಾಳೆಯಲ್ಲಿ, ಬ್ಯಾಂಕಿನ ವೆಬ್ ಪುಟದಿಂದ ಕಾಪಿ ಮಾಡಿದ 47 ಪಾವತಿಗಳು ಹಣ ಬಂದ ದಿನಾಂಕದ ಕ್ರಮದಲ್ಲಿ, ಎರಡನೆಯ ಸಾಲಿನಿಂದ ನಲವತ್ತೆಂಟನೆಯ ಸಾಲಿನವರೆಗೆ ಇದ್ದವು. ಮೊದಲ ಚೌಕದಲ್ಲಿ ಅವರು A2:B48 ಎಂದು ಸರಿಯಾಗಿಯೇ ಬರೆದಿದ್ದರು. ಆಮೇಲೆ ಚೌಕದ ಮೂಲೆಯನ್ನು ಹಿಡಿದು ಕೆಳಗಿನವರೆಗೆ ಎಳೆದಾಗ ಸೈಟಿನ ಸಂಖ್ಯೆಯ ಜೊತೆಗೆ ಹುಡುಕಬೇಕಾದ ಪಟ್ಟಿಯ ಗಡಿಯೂ ಸಾಲಿಗೊಂದರಂತೆ ಕೆಳಕ್ಕೆ ಸರಿದಿತ್ತು. ಹದಿನಾಲ್ಕನೆಯ ಸಾಲಿಗೆ ಬರುವ ಹೊತ್ತಿಗೆ ಪಟ್ಟಿಯ ಮೇಲಿನ ಹನ್ನೆರಡು ಪಾವತಿಗಳು ಗಡಿಯ ಆಚೆ ಉಳಿದು, ಕೆಳಗೆ ಹನ್ನೆರಡು ಖಾಲಿ ಸಾಲುಗಳು ಒಳಗೆ ಸೇರಿದ್ದವು. ಕಟ್ಟಕಡೆಯ B-48ರವರಿಗಂತೂ ಎಕ್ಸೆಲ್ ಹುಡುಕಿದ್ದೆಲ್ಲ ಬರೀ ಬಯಲು.

ಇದರ ಪರಿಣಾಮ ನೋಡಿ: ಶುಲ್ಕವನ್ನು ಮೊದಲ ವಾರದಲ್ಲೇ ಕಟ್ಟಿದವರು ಎರಡನೆಯ ಹಾಳೆಯ ತಲೆಯಲ್ಲಿದ್ದುದರಿಂದ ಹೆಚ್ಚಾಗಿ ಅವರೇ ನಾಪತ್ತೆಯಾಗಿದ್ದರು. ಮೂರು ಸಲ ನೆನಪಿಸಿದ ಮೇಲೆ ಗೊಣಗುತ್ತ ಕಟ್ಟಿದವರು ಹಾಳೆಯ ತಳದಲ್ಲಿ ಭದ್ರವಾಗಿ ಕುಳಿತು, ಪಟ್ಟಿಯಲ್ಲಿ ಮಾನ್ಯ ಸದಸ್ಯರಂತೆ ಮಿಂಚುತ್ತಿದ್ದರು. B-13ರ ನಿವೃತ್ತ ಮೇಷ್ಟ್ರು ಎರಡನೆಯವರಾಗಿ ಹಣ ಕಟ್ಟಿದ್ದರು; ಹದಿನಾಲ್ಕನೆಯ ಸಾಲಿನ #N/A ಅವರದೇ.

“ಚಿಕ್ಕಪ್ಪ, ಸೈಟಿನ ನಾಲ್ಕು ಮೂಲೆಗೂ ಗಡಿಕಲ್ಲು ನೆಡಬೇಕು” ಎಂದಾಗ, ಬಡಾವಣೆಯ ವ್ಯವಹಾರವಾದ್ದರಿಂದ ಅವರಿಗೆ ಅದು ತಕ್ಷಣ ಅರ್ಥವಾಯಿತು. ಎಕ್ಸೆಲ್‌ನಲ್ಲಿ ಆ ಗಡಿಕಲ್ಲು ಡಾಲರ್ ಚಿಹ್ನೆ:

```
=VLOOKUP(A2,Sheet2!$A$2:$B$48,2,FALSE)
```

ಮೊದಲಿನ A2ಕ್ಕೆ ಕಲ್ಲು ನೆಡಬಾರದು, ಏಕೆಂದರೆ ಅದು ಸಾಲಿನಿಂದ ಸಾಲಿಗೆ ಸರಿಯಲೇಬೇಕು. ಹುಡುಕುವ ಪಟ್ಟಿ ಮಾತ್ರ ಕದಲಬಾರದು. ಸೂತ್ರದಲ್ಲಿ ಪಟ್ಟಿಯ ಭಾಗವನ್ನು ಆಯ್ದು F4 ಒತ್ತಿದರೆ ಡಾಲರುಗಳು ತಾವಾಗಿ ಬರುತ್ತವೆ ಎಂದು ಹೇಳಿದ್ದು ನನ್ನ ತಪ್ಪು. ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿ ಆ ಕೀಲಿ Fn ಜೊತೆಗಿಲ್ಲದೆ ಒತ್ತಿದರೆ ಪರದೆಯ ಬೆಳಕನ್ನು ಇಳಿಸುತ್ತದೆ. ಅವರು ನಾಲ್ಕು ಸಲ ಒತ್ತಿ, “ಇಲ್ಲಿ ಕತ್ತಲಾಯಿತು ಕಣೋ” ಎಂದರು. ಕೊನೆಗೆ ಡಾಲರುಗಳನ್ನು ಕೈಯಿಂದಲೇ ನೆಟ್ಟೆವು.

ಆ ನಡುವೆ ಇನ್ನೊಂದು ಅನಾಹುತ ತಪ್ಪಿತು. ಸೂತ್ರದ ಕೊನೆಯ FALSE ಅವರ ಬ್ಯಾಂಕ್ ಮನಸ್ಸಿಗೆ ಚುಚ್ಚುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಸುಳ್ಳು ಯಾಕಿರಬೇಕೆಂದು, ನನ್ನನ್ನು ಕೇಳದೆ ಒಂದು ಸಾಲಿನಲ್ಲಿ ಅದನ್ನು TRUE ಮಾಡಿದ್ದರು. ಅಲ್ಲಿ ತಪ್ಪು ಮಾಯವಾಗಿ, ಮೂವತ್ತು-ನಲವತ್ತರ ಸೈಟಿನವರು ಕಟ್ಟಿದ 3,600 ರೂಪಾಯಿಯ ಜಾಗದಲ್ಲಿ ನಲವತ್ತು-ಅರವತ್ತರವರ 7,200 ಬಂದು ಕುಳಿತಿತ್ತು. FALSE ಎಂದರೆ ಅಕ್ಷರಶಃ ಹೊಂದಿದ್ದನ್ನು ಮಾತ್ರ ಕೊಡು ಎಂಬ ಆಜ್ಞೆ. TRUE ಎಂದರೆ ಎಕ್ಸೆಲ್ ಪಟ್ಟಿ ಏರಿಕೆಯ ಕ್ರಮದಲ್ಲಿದೆ ಎಂದು ನಂಬಿಕೊಂಡು, ಹತ್ತಿರದ್ದನ್ನು ಅಂದಾಜಿನಲ್ಲಿ ಎತ್ತಿಕೊಡುತ್ತದೆ. ದಿನಾಂಕದ ಕ್ರಮದಲ್ಲಿರುವ ಪಟ್ಟಿಯಲ್ಲಿ ಆ ಅಂದಾಜಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಹಾಗೆ ನೋಡಿದರೆ #N/A ಎಷ್ಟೋ ಸಭ್ಯ; ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತದೆ.

ಸೂತ್ರವನ್ನು ಮತ್ತೆ ಎಳೆದಾಗ 26ರಲ್ಲಿ 22 ಸರಿಹೋದವು. ಉಳಿದ ನಾಲ್ಕರಲ್ಲಿ ಒಂದು B-27. ಚಿಕ್ಕಪ್ಪ ಎರಡೂ ಹಾಳೆಗಳ ಚಿತ್ರ ಕಳುಹಿಸಿ, “ಇಲ್ಲೂ B-27, ಅಲ್ಲೂ B-27. ನಿನ್ನ ಎಕ್ಸೆಲ್‌ಗೆ ಕಣ್ಣು ಕಾಣಿಸಲ್ವಾ?” ಎಂದು ಗದರಿಸಿದರು. ಚಿತ್ರದ ಮಿತಿ ಇಲ್ಲೇ ಇರುವುದು. ಅಕ್ಷರದ ಹಿಂದೆ ಅಂಟಿಕೊಂಡ ಖಾಲಿ ಜಾಗ ಎಷ್ಟು ಒಳ್ಳೆಯ ಫೋಟೋದಲ್ಲೂ ಕಾಣುವುದಿಲ್ಲ. ಎರಡನೆಯ ಹಾಳೆಯ ಆ ಸಾಲಿನ ಪಕ್ಕದ ಖಾಲಿ ಚೌಕದಲ್ಲಿ, ಅಕ್ಷರಗಳನ್ನು ಎಣಿಸುವ `=LEN(A23)` ಎಂದು ಬರೆಸಿದೆ. ನಾಲ್ಕು ಅಕ್ಷರಗಳ B-27ಕ್ಕೆ ಉತ್ತರ 5 ಎಂದು ಬಂತು.

“ಒತ್ತುವರಿ!” ಎಂದು ಚಿಕ್ಕಪ್ಪ ಕೂಗಿದರು. ಅವರು ಬಡಾವಣೆಯಲ್ಲಿ ಹತ್ತು ವರ್ಷದಿಂದ ಹುಡುಕುತ್ತಿದ್ದುದು ಕೊನೆಗೆ ಎಕ್ಸೆಲ್‌ನಲ್ಲಿ ಸಿಕ್ಕಿತ್ತು.

ತೆರವು ಕಾರ್ಯಾಚರಣೆ ಒಂದೇ ಏಟಿಗೆ ಮುಗಿಯಲಿಲ್ಲ. ಹೆಚ್ಚುವರಿ ಖಾಲಿ ಜಾಗವನ್ನು ಗುಡಿಸುವ TRIM ಬಳಸಿದಾಗ ಎರಡು ಸೈಟುಗಳ ಒತ್ತುವರಿ ತೆರವಾಯಿತು, B-27 ಮಾತ್ರ ಐದಕ್ಕೇ ಅಂಟಿಕೊಂಡಿತು. ವೆಬ್ ಪುಟಗಳಿಂದ ಕಾಪಿ ಮಾಡಿದಾಗ ಕೆಲವೊಮ್ಮೆ ಸಾಮಾನ್ಯ ಜಾಗದ ವೇಷದಲ್ಲಿ ಬೇರೊಂದು ಅಕ್ಷರ ಬರುತ್ತದೆ. ಅದರ ಸಂಖ್ಯೆ 160, ಕೀಲಿಮಣೆಯ ಜಾಗದ್ದು 32. TRIM ಎರಡನೆಯದನ್ನಷ್ಟೇ ಗುರುತಿಸುತ್ತದೆ. ಆದ್ದರಿಂದ ಮೊದಲು ವೇಷ ಕಳಚಿಸಿ, ಆಮೇಲೆ ಗುಡಿಸಬೇಕು:

```
=TRIM(SUBSTITUTE(A23,CHAR(160)," "))
```

ಇದನ್ನು ಎರಡನೆಯ ಹಾಳೆಯ ಖಾಲಿ ಕಾಲಮ್ಮಿನಲ್ಲಿ ಉದ್ದಕ್ಕೂ ಎಳೆದು, ಬಂದ ಉತ್ತರಗಳನ್ನು ಕಾಪಿ ಮಾಡಿ, A ಕಾಲಮ್ಮಿನ ಮೇಲೆ ಬರೀ ಮೌಲ್ಯಗಳಾಗಿ ಪೇಸ್ಟ್ ಮಾಡಿಸಿದೆ. B-27ರ ಮುಂದೆ 3,600 ಮೂಡಿತು.

ಈಗ ಇಡೀ ಪಟ್ಟಿಯಲ್ಲಿ ಉಳಿದಿದ್ದು ಒಂದೇ ಒಂದು #N/A. ಅದು B-31ರದ್ದು. LEN ಕೇಳಿದೆ, ನಾಲ್ಕು. ಎರಡನೆಯ ಹಾಳೆಯಲ್ಲಿ ಹುಡುಕಿಸಿದೆ, ಇಲ್ಲ. ಪಾವತಿಗಳು 47, ಸೈಟುಗಳು 48. ಸೂತ್ರದಲ್ಲಿ ದೋಷವಿರಲಿಲ್ಲ, ಆ ಸೈಟಿನವರು ನಿಜಕ್ಕೂ ಶುಲ್ಕ ಕಟ್ಟಿರಲಿಲ್ಲ.

“B-31 ಯಾರದು ಚಿಕ್ಕಪ್ಪ?”

ಆಚೆ ಕಡೆಯಿಂದ ಸ್ವಲ್ಪ ಹೊತ್ತು ಫ್ಯಾನಿನ ಸದ್ದಷ್ಟೇ ಕೇಳಿಸಿತು. ಆಮೇಲೆ ಚಿಕ್ಕಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ, “ನಮ್ಮದೇ ಕಣೋ. ಎಲ್ಲರದ್ದೂ ವಸೂಲಿ ಮಾಡೋ ಗಡಿಬಿಡಿಯಲ್ಲಿ ಮರೆತೇಹೋಯಿತು” ಎಂದವರು, ಒಂದು ಕ್ಷಣ ಯೋಚಿಸಿ ಕೇಳಿದರು: “ಇದೊಂದನ್ನ ಮಾತ್ರ ನಾಟ್ ಅಪ್ಲಿಕೇಬಲ್ ಅಂತಲೇ ಓದಬಹುದಾ?”