ಟಿವಿ ಸಬ್‌ಟೈಟಲ್: ಅಕ್ಷರ ದೊಡ್ಡದು ಮಾಡುವ ಮುಂಚೆ ಹಿಂದೆ ಒಂದು ಕಪ್ಪು ಪಟ್ಟಿ ಹಾಕಿ

ಟಿವಿಯಲ್ಲಿ ಸಬ್‌ಟೈಟಲ್ ಓದಲು ಆಗುತ್ತಿಲ್ಲ ಅಂದರೆ ಮನೆಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಅಕ್ಷರ ದೊಡ್ಡದು ಮಾಡುವುದು. ಸಾಲದಿದ್ದರೆ ಇನ್ನೂ ದೊಡ್ಡದು. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ತೊಂದರೆ ಇರುವುದು ಅಕ್ಷರದ ಗಾತ್ರದಲ್ಲಿ ಅಲ್ಲ, ಅಕ್ಷರದ ಹಿಂದೆ ಏನಿದೆ ಅನ್ನುವುದರಲ್ಲಿ ಅಂತ ನನಗೆ ಅನ್ನಿಸುತ್ತದೆ. ಲೆಕ್ಕ ಹಾಕಿ ಹೇಳುತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

ಧಾರವಾಡದಲ್ಲಿರುವ ನಮ್ಮ ಸೋದರಮಾವನ ಕಥೆ ಹೇಳುತ್ತೇನೆ. ಮೇಷ್ಟ್ರಾಗಿ ರಿಟೈರ್ ಆದವರು. ಒಂದು ಕಿವಿ ಅಷ್ಟಾಗಿ ಕೇಳುವುದಿಲ್ಲ. ಈಗ ಮಲಯಾಳಂ ಸಿನಿಮಾ ಹುಚ್ಚು ಹತ್ತಿದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಾರೆ. 43 ಇಂಚಿನ ಗೂಗಲ್ ಟಿವಿ, ಹತ್ತಡಿ ದೂರದಲ್ಲಿ ಸೋಫಾ. ಮಗ ಬೆಂಗಳೂರಿನಿಂದ ಬಂದಾಗ ಅಕ್ಷರವನ್ನು ಎಲ್ಲಕ್ಕಿಂತ ದೊಡ್ಡದು ಮಾಡಿಟ್ಟು ಹೋಗಿದ್ದ. ಮಾವನಿಗೆ ಸಮಾಧಾನ ಇರಲಿಲ್ಲ. "ಅಕ್ಷರ ಸಣ್ಣವು ಅದಾವ ಅಂತಲ್ಲೋ ತಮ್ಮಾ, ಬೆಳ್ಳಗ ಬಂತಂದ್ರ ಮಾಯ ಆಗ್ತಾವ" ಅಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮಲಯಾಳಂ ಸಿನಿಮಾ ಅಂದಮೇಲೆ ಬಿಳಿ ಮುಂಡು, ಬಿಳಿ ಅಂಗಿ, ಬಿಳಿ ಗೋಡೆಯ ಚರ್ಚು ಬಂದೇ ಬರುತ್ತವೆ. ಸಬ್‌ಟೈಟಲ್ ಕೂಡ ಬಿಳಿ, ಸುತ್ತಲೂ ಒಂದು ತೆಳು ನೆರಳು ಅಷ್ಟೇ. ರಾತ್ರಿಯ ದೃಶ್ಯದಲ್ಲಿ ಆರಾಮಾಗಿ ಓದಬಹುದು. ಹಗಲಲ್ಲಿ ನಾಲ್ಕು ಜನ ಮುಂಡು ಉಟ್ಟು ಸಾಲಾಗಿ ಕೂತರೆ, ಅರ್ಧ ಸಾಲು ಅವರ ಮಡಿಲಲ್ಲೇ ಕರಗಿಹೋಗುತ್ತದೆ.

ಹಾಗಾಗಿ ರಿಮೋಟ್ ಹಿಡಿಯುವ ಮುಂಚೆ ಓದುವವರನ್ನು ಒಂದು ಮಾತು ಕೇಳಿ: ಯಾವಾಗ ಓದಲು ಆಗುವುದಿಲ್ಲ? ಕತ್ತಲೆ ದೃಶ್ಯದಲ್ಲಿ ಓದಬಹುದು, ಬೆಳಕಿನಲ್ಲಿ ಆಗಲ್ಲ ಅಂದರೆ ಹಿನ್ನೆಲೆಯದ್ದೇ ತೊಂದರೆ. ಎರಡರಲ್ಲೂ ಆಗಲ್ಲ ಅಂದರೆ ಗಾತ್ರ ಇಲ್ಲವೇ ದೂರ, ಅದೂ ಅಲ್ಲದಿದ್ದರೆ ಕನ್ನಡಕ. ಕಾಣುತ್ತದೆ ಆದರೆ ಓದಿ ಮುಗಿಸುವಷ್ಟರಲ್ಲಿ ಹೋಗಿಬಿಡುತ್ತದೆ ಅಂದರೆ, ಅಕ್ಷರ ಅತಿಯಾಗಿ ದೊಡ್ಡದಾಗಿರಬಹುದು.

ಈ ಕೊನೆಯದನ್ನು ಯಾರೂ ನಂಬುವುದಿಲ್ಲ. ನೆಟ್‌ಫ್ಲಿಕ್ಸ್ ತನ್ನ ಇಂಗ್ಲಿಷ್ ಸಬ್‌ಟೈಟಲ್ ಬರೆಯುವವರಿಗೆ ಒಂದು ಸಾಲಿಗೆ 42 ಅಕ್ಷರ, ಒಟ್ಟು ಎರಡೇ ಸಾಲು ಎಂಬ ಮಿತಿ ಇಟ್ಟಿದೆ. ಎಲ್ಲಿ ಸಾಲು ಮುರಿದರೆ ಓದಲು ಸಲೀಸು ಅಂತ ಯೋಚನೆ ಮಾಡಿಯೇ ಮುರಿದಿರುತ್ತಾರೆ. ನಾವು ಅಕ್ಷರವನ್ನು ತೀರಾ ಹಿಗ್ಗಿಸಿದರೆ ಆ ಸಾಲು ಅಗಲಕ್ಕೆ ಹಿಡಿಸದೆ ಎಲ್ಲೆಂದರಲ್ಲಿ ಮುರಿದು ಮೂರು ನಾಲ್ಕು ಸಾಲಾಗಬಹುದು. ಸಾಲುಗಳು ಕೆಳಗಿನಿಂದ ಮೇಲಕ್ಕೆ ಏರಿ ನಟನ ಗದ್ದಕ್ಕೆ ತಾಗುತ್ತವೆ. ಕಣ್ಣು ಎಡಕ್ಕೆ ಬಲಕ್ಕೆ ಓಡಾಡುವುದು ಜಾಸ್ತಿ, ಪರದೆಯ ಮೇಲೆ ಇರುವ ಹೊತ್ತು ಮಾತ್ರ ಅಷ್ಟೇ. ಮಾವನ ಮನೆಯಲ್ಲಿ ಆಗಿದ್ದೂ ಇದೇ. ಮೊದಲು ಗಾತ್ರವನ್ನು ನಡುವಿಗೆ ತಂದೆ.

ಈಗ ಮುಖ್ಯ ಕೆಲಸ. ಗೂಗಲ್ ಟಿವಿಯಲ್ಲಿ ದಾರಿ ಹೀಗಿದೆ: Settings, ಅದರೊಳಗೆ System, ಅದರೊಳಗೆ Accessibility, ಅಲ್ಲಿ Captions. ಹಳೆಯ ಆಂಡ್ರಾಯ್ಡ್ ಟಿವಿಯಾದರೆ System ಬದಲು Device Preferences ಅಂತ ಇರುತ್ತದೆ. ಒಳಗೆ ಹೋದರೆ ಗಾತ್ರ ಬೇರೆ, ಶೈಲಿ ಬೇರೆ. ಶೈಲಿಯಲ್ಲಿ ಕಪ್ಪಿನ ಮೇಲೆ ಬಿಳಿ, ಕಪ್ಪಿನ ಮೇಲೆ ಹಳದಿ ಅಂತ ಸಿದ್ಧ ಜೋಡಿಗಳಿವೆ. ಕೊನೆಯಲ್ಲಿ Custom ಇದೆ. ಅದನ್ನು ತೆರೆದ ಕೂಡಲೇ ಹತ್ತಾರು ಸಾಲು ಬಂದು ಜನ ಗಾಬರಿಯಾಗಿ ವಾಪಸ್ ಬರುತ್ತಾರೆ.

ಅಷ್ಟು ಗಾಬರಿ ಬೇಡ. ಅಲ್ಲಿರುವುದು ಮೂರೇ ಪದರ. ಮೇಲೆ ಅಕ್ಷರ. ಅದರ ಹಿಂದೆ ಸಾಲಿನಷ್ಟೇ ಅಗಲದ ಪಟ್ಟಿ, ಅದು Background. ಅದರ ಹಿಂದೆ ಎಲ್ಲ ಸಾಲುಗಳನ್ನೂ ಸೇರಿಸಿ ಒಂದು ದೊಡ್ಡ ಚೌಕ, ಅದು Window. ಪ್ರತಿಯೊಂದಕ್ಕೂ ಒಂದು ಬಣ್ಣ, ಒಂದು Opacity, ಅಂದರೆ ಎಷ್ಟು ಗಟ್ಟಿ ಎಷ್ಟು ಪಾರದರ್ಶಕ ಅನ್ನುವ ಶೇಕಡಾ. ಇದರ ಜತೆಗೆ ಅಕ್ಷರದ ಅಂಚಿಗೆ ಗೆರೆ ಇಲ್ಲವೇ ನೆರಳು ಕೊಡುವ Edge type ಇದೆ. ಅಷ್ಟೇ. ಈ ರಾಮಾಯಣ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಕನಿಷ್ಠ 8 ಬಣ್ಣ, 50ರಿಂದ 200 ಶೇಕಡಾ ಗಾತ್ರ, ಹಿನ್ನೆಲೆ, ಚೌಕ, ಅಂಚು ಎಲ್ಲ ಬದಲಿಸಲು ಬರಬೇಕು. ಅದೇ ಮೆನು ಈಗ ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಂಡ ಟಿವಿಯಲ್ಲೂ ಇದೆ. ಇದೆ, ಆದರೆ ನಾಲ್ಕು ಬಾಗಿಲು ದಾಟಿದ ಮೇಲೆ. ಸಬ್‌ಟೈಟಲ್ ಬೇಕಾಗುವುದೇ ಹೆಚ್ಚಾಗಿ ವಯಸ್ಸಾದವರಿಗೆ, ಕಿವಿ ಮಂದವಾದವರಿಗೆ. ಅವರಿಂದಲೇ ಇದನ್ನು ಬಚ್ಚಿಟ್ಟಿದ್ದಾರಲ್ಲ ಅಂತ ನನಗೆ ಸಿಟ್ಟಿದೆ. ಈ ಸೆಟ್ಟಿಂಗ್ ಸುಲಭವಾಗಿ ಕೈಗೆ ಸಿಗಬೇಕು ಅಂತ ಅದೇ ಎಫ್‌ಸಿಸಿ 2024ರಲ್ಲಿ ಇನ್ನೊಂದು ನಿಯಮ ಮಾಡಬೇಕಾಯಿತು ನೋಡಿ.

ಮಾವನ ಟಿವಿಯಲ್ಲಿ ಮಾಡಿದ್ದು ಇಷ್ಟು. Background ಕಪ್ಪು, Opacity 75. Window ಪೂರ್ತಿ ಪಾರದರ್ಶಕ. ಅದನ್ನೂ ಕಪ್ಪು ಮಾಡಿದರೆ ಪರದೆಯ ಕೆಳಗೆ ಕರಿ ಹಲಗೆ ತೂಗುಹಾಕಿದ ಹಾಗೆ ಕಾಣುತ್ತದೆ. Edge type ಬೇಡವೇ ಬೇಡ.

75 ಯಾಕೆ? ಬಣ್ಣಗಳ ನಡುವಿನ ವ್ಯತ್ಯಾಸ ಅಳೆಯಲು ಒಂದು ಲೆಕ್ಕವಿದೆ. ವೆಬ್‌ಸೈಟ್ ಮಾಡುವವರು ದಿನಾ ಬಳಸುತ್ತಾರೆ. 1 ಅಂದರೆ ವ್ಯತ್ಯಾಸವೇ ಇಲ್ಲ, 21 ಅಂದರೆ ಅಪ್ಪಟ ಕಪ್ಪಿನ ಮೇಲೆ ಅಪ್ಪಟ ಬಿಳಿ. ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಅನ್ನುತ್ತಾರೆ. ಹಿಂದೆ ಪೂರ್ತಿ ಬಿಳಿ ಮುಂಡು ಇದೆ ಅಂದುಕೊಳ್ಳಿ. ಕಪ್ಪು ಪಟ್ಟಿ 25 ಇಟ್ಟರೆ ಬಿಳಿ ಅಕ್ಷರಕ್ಕೆ ಸಿಗುವುದು 2ಕ್ಕಿಂತ ಕಡಿಮೆ. 50 ಇಟ್ಟರೆ ಸುಮಾರು 4. 75 ಇಟ್ಟರೆ ಸುಮಾರು 10. 100 ಇಟ್ಟರೆ ಪೂರ್ತಿ 21 ಸಿಗುತ್ತದೆ ನಿಜ, ಆದರೆ ಪಟ್ಟಿಯ ಹಿಂದಿನ ಚಿತ್ರ ಒಂಚೂರೂ ಕಾಣುವುದಿಲ್ಲ. 75ರಲ್ಲಿ ಓದಲೂಬಹುದು, ಹಿಂದೆ ಕೈ ಆಡಿದ್ದೂ ಮಸುಕಾಗಿ ಕಾಣುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, "ಹಳದಿ ಹಾಕಿ, ಕಣ್ಣಿಗೆ ತಂಪು" ಅನ್ನುವವರು ಬಹಳ. ಹಳದಿಗೆ ನನ್ನ ತಕರಾರಿಲ್ಲ. ಕಪ್ಪಿನ ಮೇಲೆ ಹಳದಿಗೆ ಅದೇ ಲೆಕ್ಕದಲ್ಲಿ 19ಕ್ಕಿಂತ ಜಾಸ್ತಿ ಬರುತ್ತದೆ, ಬಿಳಿಗೆ ಹತ್ತಿರ ಹತ್ತಿರ. ಆದರೆ ಪಟ್ಟಿ ಇಲ್ಲದೆ ಬರೀ ಹಳದಿ ಮಾಡಿದರೆ ಬಿಳಿ ಮುಂಡಿನ ಮೇಲೆ ಅದರ ವ್ಯತ್ಯಾಸ 1ಕ್ಕಿಂತ ಒಂಚೂರು ಮೇಲೆ, ಅಷ್ಟೇ. ಹಳದಿಯಲ್ಲಿ ಹೆಚ್ಚುಕಡಿಮೆ ಬಿಳಿಯಷ್ಟೇ ಬೆಳಕಿರುವುದರಿಂದ ಹೀಗೆ. ಕೆಂಪು, ನೀಲಿ ಕಡೆ ಹೋಗಲೇಬೇಡಿ. ಕಪ್ಪಿನ ಮೇಲೆ ಕೆಂಪಿಗೆ 5ರ ಸುತ್ತ, ನೀಲಿಗೆ ಎರಡೂವರೆಯೂ ಸಿಗುವುದಿಲ್ಲ. ಇನ್ನು ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರ ಲೆಕ್ಕಕ್ಕೆ ಚೆನ್ನಾಗಿದೆ, ರಾತ್ರಿ ಲೈಟ್ ಆರಿಸಿ ನೋಡುವವರಿಗೆ ಮಾತ್ರ ಕಣ್ಣು ಕುಕ್ಕುತ್ತದೆ. ಕಣ್ಣಿನ ಪೊರೆ ಶುರುವಾದವರಿಗೆ ಇನ್ನೂ ಜಾಸ್ತಿ.

ಕನ್ನಡ ಸಬ್‌ಟೈಟಲ್ ನೋಡುವವರಿಗೆ ಒಂದು ಮಾತು ಬೇರೆ ಹೇಳಬೇಕು. ಅಂಚಿಗೆ ದಪ್ಪ ಗೆರೆ ಕೊಟ್ಟರೆ ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಅಕ್ಷರದ ಒಳಗೆ ಸಣ್ಣ ಸಣ್ಣ ಸುರುಳಿಗಳಿವೆ. ಗೆರೆ ದಪ್ಪಗಾದಷ್ಟೂ ಅವು ಮುಚ್ಚಿಕೊಳ್ಳುತ್ತವೆ. ಹತ್ತಡಿ ದೂರದಿಂದ ವ ಯಾವುದು, ಪ ಯಾವುದು, ಷ ಯಾವುದು ಗೊತ್ತಾಗುವುದಿಲ್ಲ. ಒತ್ತಕ್ಷರದ ಪಾಡಂತೂ ಕೇಳಬೇಡಿ. ಕೆಳಗೆ ಇಳಿದ ಒತ್ತಿಗೂ ಜಾಗ ಬೇಕಾದ್ದರಿಂದ ಕನ್ನಡಕ್ಕೆ ಇಂಗ್ಲಿಷಿಗಿಂತ ಒಂದು ಮೆಟ್ಟಿಲು ದೊಡ್ಡ ಗಾತ್ರ ಇಡುವುದು ವಾಸಿ. ಫಾಂಟ್ ಬದಲಿಸಿದರೂ ಕನ್ನಡ ಹಾಗೇ ಇದೆಯಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ಮೆನುವಿನಲ್ಲಿರುವ ಫಾಂಟುಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಕನ್ನಡ ಬಂದಾಗ ಟಿವಿ ತನ್ನ ಹತ್ತಿರ ಇರುವ ಕನ್ನಡ ಫಾಂಟನ್ನೇ ಹಾಕುತ್ತದೆ.

ಇಷ್ಟೆಲ್ಲ ಮಾಡಿ ಸಿನಿಮಾ ಹಾಕಿದರೆ ಏನೂ ಬದಲಾಗಿರುವುದಿಲ್ಲ! ಇಲ್ಲೇ ಬಹಳ ಜನ ಸೋಲುತ್ತಾರೆ. ಟಿವಿಯ ಸೆಟ್ಟಿಂಗನ್ನು ಕೆಲವು ಆ್ಯಪ್ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಪರೀಕ್ಷೆ ಮಾಡಲು ಸುಲಭ. ಟಿವಿ ಸೆಟ್ಟಿಂಗಿನಲ್ಲಿ ಸುಮ್ನೆ ಅಕ್ಷರವನ್ನು ಹಳದಿ ಮಾಡಿ, ಆ್ಯಪ್ ಮುಚ್ಚಿ ತೆರೆಯಿರಿ. ಗಾತ್ರ ಬದಲಾದದ್ದು ಕಣ್ಣಿಗೆ ಬೇಗ ಗೊತ್ತಾಗುವುದಿಲ್ಲ, ಬಣ್ಣ ಬದಲಾದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹಳದಿ ಬಂತಾ, ಆ ಆ್ಯಪ್ ಟಿವಿಯ ಮಾತು ಕೇಳುತ್ತದೆ. ಬರಲಿಲ್ಲವಾ, ಆ್ಯಪ್ ಒಳಗೇ ಹುಡುಕಬೇಕು. ಯೂಟ್ಯೂಬ್‌ನಲ್ಲಿ ವಿಡಿಯೋ ಓಡುತ್ತಿರುವಾಗ ಸಬ್‌ಟೈಟಲ್ ಬಟನ್ ಒಳಗೆ ಅದರದ್ದೇ ಮೆನು ಇದೆ. ನೆಟ್‌ಫ್ಲಿಕ್ಸ್‌ನಲ್ಲೂ ಸಿನಿಮಾ ಓಡುವಾಗ ಭಾಷೆ ಆರಿಸುವ ಜಾಗದಲ್ಲೇ ಗಾತ್ರ ಮತ್ತು ಶೈಲಿ ಸಿಗುತ್ತವೆ. ಆದರೆ ಅಲ್ಲಿ ಸಿದ್ಧ ಶೈಲಿಗಳು ಮಾತ್ರ. ಪಟ್ಟಿಯ ಬಣ್ಣ, ಅಂಚು ಎಲ್ಲ ನಮಗೆ ಬೇಕಾದ ಹಾಗೆ ಮಾಡಲು ಫೋನಿನ ಇಲ್ಲವೇ ಕಂಪ್ಯೂಟರಿನ ಬ್ರೌಸರಿನಲ್ಲಿ netflix.com/account ತೆರೆದು, ಪ್ರೊಫೈಲ್ ಆರಿಸಿ, Subtitle appearance ಗೆ ಹೋಗಬೇಕು. ಮಾವನದ್ದನ್ನು ಅಲ್ಲಿಂದಲೇ ಮಾಡಿದೆ. ಟಿವಿಯಲ್ಲಿ ಬರದಿದ್ದರೆ ಬೇರೆ ಪ್ರೊಫೈಲಿಗೆ ಹೋಗಿ ವಾಪಸ್ ಬನ್ನಿ.

ಯಾವುದಕ್ಕೂ ಬಗ್ಗದ ಒಂದು ಜಾತಿ ಇದೆ. ಸಬ್‌ಟೈಟಲ್ ಆಫ್ ಮಾಡಿದರೂ ಅಕ್ಷರ ಹೋಗುವುದಿಲ್ಲ ಅಂದರೆ ಅದು ಚಿತ್ರದ ಜತೆಗೇ ಅಚ್ಚಾಗಿದೆ. ಚಾನೆಲ್ಲಿನಲ್ಲಿ ಬರುವ ಹಲವು ಸಿನಿಮಾಗಳದ್ದು ಹೀಗೇ. ಅದಕ್ಕೆ ಯಾವ ಮೆನುವೂ ಕೆಲಸ ಮಾಡುವುದಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಳ್ಳಬೇಕು, ಅಷ್ಟೇ.

ಮಾವನ ಮನೆಯಲ್ಲಿ ಈಗ ಉಳಿದಿರುವ ಜಗಳ ಬೇರೆ. ಅತ್ತೆಗೆ ಕಿವಿ ಚೆನ್ನಾಗಿ ಕೇಳುತ್ತದೆ, ಕಣ್ಣೂ ಚೆನ್ನಾಗಿದೆ. ಅವರಿಗೆ ಕಪ್ಪು ಪಟ್ಟಿ ಆಗಿಬರುವುದಿಲ್ಲ. "ಸೀರಿ ಅಂಚೇ ಕಾಣವಲ್ದು" ಅನ್ನುತ್ತಾರೆ. ನೆಟ್‌ಫ್ಲಿಕ್ಸ್‌ನಲ್ಲಿ ಈ ಸೆಟ್ಟಿಂಗ್ ಪ್ರೊಫೈಲಿಗೆ ಒಂದರಂತೆ ಇರುವುದರಿಂದ ಅತ್ತೆಗೆ ಬೇರೆ ಪ್ರೊಫೈಲ್ ಮಾಡಿಕೊಟ್ಟೆ. ಅವರದ್ದರಲ್ಲಿ ಪಟ್ಟಿ ಇಲ್ಲ, ನೆರಳು ಮಾತ್ರ. ಟಿವಿಯ ಸೆಟ್ಟಿಂಗ್ ಕೇಳುವ ಆ್ಯಪ್‌ಗಳಲ್ಲಿ ಹೀಗೆ ಪಾಲು ಮಾಡಲು ಬರುವುದಿಲ್ಲ, ಇಡೀ ಟಿವಿಗೆ ಒಂದೇ. ಅಲ್ಲಿ ಸದ್ಯಕ್ಕೆ 50ಕ್ಕೆ ರಾಜಿಯಾಗಿದೆ. ಮಾವ ಗೊಣಗುತ್ತಲೇ ಓದುತ್ತಿದ್ದಾರೆ, ಅತ್ತೆ ಗೊಣಗುತ್ತಲೇ ನೋಡುತ್ತಿದ್ದಾರೆ.