ಅವ್ವನ ಕಾಚಂಪುಳಿ ಮತ್ತು ನನ್ನ ಜುಲೈ ರಜೆ

ಇವತ್ತು ಅಮ್ಮಂದಿರ ದಿನ. ನಾನಿರುವ ಜರ್ಮನಿಯಲ್ಲೂ ಮೇ ತಿಂಗಳ ಎರಡನೇ ಭಾನುವಾರವೇ. ಭಾನುವಾರ ಇಲ್ಲಿ ಹೆಚ್ಚಿನ ಅಂಗಡಿಗಳು ಬಂದ್, ಹೂವಿನ ಅಂಗಡಿ ತೆಗೆದಿದೆ. ಫೇಸ್‌ಬುಕ್ ತುಂಬ "ಅಮ್ಮನ ಅಡುಗೆ ತುಂಬಾ ನೆನಪಾಗ್ತಿದೆ" ಅನ್ನುವ ಪೋಸ್ಟುಗಳು. ನನ್ನದೂ ಅದೇ ಕಥೆ ಬಿಡಿ. ಆದರೆ ನನಗೆ ನೆನಪಾಗುವುದು ಏನು ಅಂತ ಸರಿಯಾಗಿ ಹೇಳುತ್ತೇನೆ: ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಅವ್ವ ಹಂದಿಮಾಂಸದಲ್ಲಿ ಮಾಡುವ ಪಂದಿಕರಿ, ಅದಕ್ಕೆ ಕೊನೆಯಲ್ಲಿ ಬೀಳುವ ಕಾಚಂಪುಳಿ ಅನ್ನುವ ಕಪ್ಪು ಹುಳಿ.

ಹಂದಿಮಾಂಸಕ್ಕೆ ಇಲ್ಲಿ ಬರವಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಹೆಚ್ಚಾಗಿ ಚರ್ಮ, ಕೊಬ್ಬು ತೆಗೆದು ಇಟ್ಟಿರುತ್ತಾರೆ, ಅದು ಕರಿಗೆ ಪ್ರಯೋಜನವಿಲ್ಲ. ಮಾಂಸದ ಅಂಗಡಿಗೆ ಹೋಗಿ ಚರ್ಮ ಸಮೇತ ಹೊಟ್ಟೆ ಭಾಗ ಕೇಳಬೇಕು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ ರುಬ್ಬಿ, ಅರಿಶಿನ, ಖಾರದಪುಡಿ, ಉಪ್ಪಿನ ಜೊತೆ ಮಾಂಸಕ್ಕೆ ಕಲಸಿ ಒಲೆಗೆ ಇಟ್ಟರೆ ಅದರದೇ ಕೊಬ್ಬು ಬಿಡುತ್ತದೆ, ಎಣ್ಣೆ ಬೇಡ. ಇಷ್ಟು ಯಾರಿಗೂ ಬರುತ್ತದೆ.

ಕಷ್ಟ ಇರುವುದು ಪುಡಿಯಲ್ಲಿ. ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಸಾಸಿವೆ, ಸ್ವಲ್ಪವೇ ಮೆಂತ್ಯ. ಬೇರೆ ಬೇರೆಯಾಗಿ ಹುರಿಯಬೇಕು, ಕಾಫಿ ಬೀಜ ಹುರಿದ ಹಾಗೆ ಕಪ್ಪಿಗೆ ತಿರುಗುವ ತನಕ. ಮುಂಚೆ ಇಳಿಸಿದರೆ ಕರಿ ಸಾಂಬಾರಿನ ವಾಸನೆ ಹೊಡೆಯುತ್ತದೆ. ಒಂದು ಕ್ಷಣ ತಡವಾದರೆ ಮೆಂತ್ಯ ಸೀದು ಇಡೀ ಪಾತ್ರೆ ಕಹಿ. ಅವ್ವ ಬಣ್ಣ ನೋಡುವುದಿಲ್ಲ, ಹೊಗೆಯ ವಾಸನೆ ಮೇಲೆ ಹೇಳುತ್ತಾಳೆ. ವಿಡಿಯೋ ಕಾಲ್‌ನಲ್ಲಿ ವಾಸನೆ ಬರುವುದಿಲ್ಲ ಅಲ್ವಾ, ಹಾಗಾಗಿ "ಶಬ್ದ ಕೇಳಿಸು" ಅನ್ನುತ್ತಾಳೆ, ನಾನು ಫೋನನ್ನು ಬಾಣಲೆ ಹತ್ತಿರ ಹಿಡಿಯುತ್ತೇನೆ. ಚಟಪಟ ನಿಲ್ಲುವ ಹೊತ್ತಿಗೆ "ಸಾಕು, ಇಳಿಸು". ಅಷ್ಟರಲ್ಲಿ ಇಲ್ಲಿನ ಹೊಗೆ ಅಲಾರಂ ಕೂಗಿರುತ್ತದೆ.

ಮಾಂಸ ಪೂರ್ತಿ ಬೆಂದ ಮೇಲೆ ಪುಡಿ, ಎಲ್ಲಕ್ಕಿಂತ ಕೊನೆಗೆ ಕಾಚಂಪುಳಿ. "ಮೊದಲೇ ಹುಳಿ ಹಾಕ್ಬೇಡ ಮಗ, ಮಾಂಸ ಗಟ್ಟಿಯಾಗ್ತದೆ" ಅಂತ ಪ್ರತಿ ಸಲ ಹೇಳುತ್ತಾಳೆ. ಒಂದು ಕಿಲೋಗೆ ಒಂದು ದೊಡ್ಡ ಚಮಚ, ಐದು ನಿಮಿಷ ಕುದಿಸಿ ರುಚಿ ನೋಡಿ, ಬೇಕಾದರೆ ಇನ್ನರ್ಧ. ಕಾಚಂಪುಳಿ ಇಲ್ಲದವರು ವಿನೆಗರ್ ಹಾಕುತ್ತಾರೆ. ಅದರ ಹುಳಿ ಮೂಗಿಗೆ ಹೊಡೆಯುತ್ತದೆ, ಕೊಬ್ಬಿನ ಜೊತೆ ಬೆರೆಯುವುದಿಲ್ಲ. ಹುಣಸೆಹಣ್ಣು ಹಾಕಿದರೆ ತಿನ್ನಬಹುದು, ಆದರೆ ಅದನ್ನು ಪಂದಿಕರಿ ಅಂತ ನಾನು ಕರೆಯಲ್ಲ. ಜಗಳಕ್ಕೆ ಬರುವವರು ಕಾಮೆಂಟ್‌ನಲ್ಲಿ ಬನ್ನಿ.

ಈ ಕಾಚಂಪುಳಿ ಆಗುವುದು ಮಳೆಗಾಲದಲ್ಲಿ. ಮಲೆನಾಡಿನವರು ಉಪ್ಪಾಗೆ ಅನ್ನುತ್ತಾರಲ್ಲ, ಅದೇ ಮರದ ಹಣ್ಣು. ಕೇರಳದಲ್ಲಿ ಸಿಪ್ಪೆ ಒಣಗಿಸಿ ಮೀನಿಗೆ ಹಾಕುತ್ತಾರೆ, ನಮ್ಮಲ್ಲಿ ರಸ ಇಳಿಸುತ್ತೇವೆ. ಹಳದಿಯಾಗಿ ಉದುರಿದ ಹಣ್ಣನ್ನು ಮಳೆಯಲ್ಲೇ, ಜಿಗಣೆ ಕಚ್ಚಿಸಿಕೊಂಡು ಬಗ್ಗಿ ಬಗ್ಗಿ ಆರಿಸಬೇಕು. ಬುಟ್ಟಿಗೆ ತುಂಬಿ ಕೆಳಗೊಂದು ಪಾತ್ರೆ ಇಟ್ಟರೆ ಹಣ್ಣು ಮೆತ್ತಗಾಗಿ, ಕುಸಿದು, ದಿನಗಟ್ಟಲೆ ರಸ ತೊಟ್ಟಿಕ್ಕುತ್ತಿರುತ್ತದೆ. ಆ ತೆಳ್ಳಗಿನ ರಸವನ್ನು ಸೋಸಿ ಮಣ್ಣಿನ ಮಡಕೆಯಲ್ಲಿ ಸೌದೆ ಒಲೆ ಮೇಲೆ ಗಂಟೆಗಟ್ಟಲೆ ಕಾಯಿಸಬೇಕು. ಅಲ್ಯೂಮಿನಿಯಂ ಪಾತ್ರೆ ಆಗದು, ಹುಳಿ ಅದನ್ನು ತಿನ್ನುತ್ತದೆ. ಬುಟ್ಟಿಗಟ್ಟಲೆ ಹಣ್ಣಿಗೆ ಕೊನೆಗೆ ಸಿಗುವುದು ಬಾಟಲಿ ಲೆಕ್ಕದಲ್ಲಿ. ಸೌಟಿನಿಂದ ನಿಧಾನಕ್ಕೆ ಇಳಿದು, ಸೌಟಿನ ಬೆನ್ನಿಗೆ ಕಪ್ಪಗೆ ಅಂಟಿದರೆ ಆಯಿತು. ಇನ್ನೂ ನೀರಿನ ಹಾಗೆ ಹರಿದರೆ ಕೆಡುತ್ತದೆ. ಸರಿಯಾಗಿ ಕಾಯಿಸಿದ್ದು ವರ್ಷಗಟ್ಟಲೆ ಇರುತ್ತದೆ.

ಅವ್ವನಿಗೆ ಈಗ ಮಂಡಿ ನೋವು, ಬಗ್ಗಲು ಆಗುವುದಿಲ್ಲ. ಆದರೂ ಹೋದ ಮಳೆಗಾಲದಲ್ಲಿ ಒಬ್ಬಳೇ ಆರಿಸಿದ್ದಾಳೆ. ನನಗೆ ಹೇಳಿಲ್ಲ, ಚಿಕ್ಕಮ್ಮ ಹೇಳಿದ್ದು. ನಾವು ಹೊರದೇಶದವರು ಊರಿಗೆ ಬರುವುದು ಕ್ರಿಸ್‌ಮಸ್ ರಜೆಗೋ ಮದುವೆಗೋ. ಬಂದವರು ತಿಂದು, ಹೋಗುವಾಗ ಒಂದು ಬಾಟಲಿ ಸೂಟ್‌ಕೇಸ್‌ಗೆ ಇಟ್ಟುಕೊಂಡು ಹೊರಡುತ್ತೇವೆ. ಮಾಂಸವನ್ನಂತೂ ಯುರೋಪಿಗೆ ತರಲು ಬಿಡುವುದಿಲ್ಲ, ಒಲೆ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ್ದನ್ನೂ ಸಹ. ಹಾಗಾಗಿ ಕಾಚಂಪುಳಿಯೇ ಗತಿ.

ಈ ಸಲ ಹೂವಿಗೆ ದುಡ್ಡು ಕೊಡಲಿಲ್ಲ. ಜುಲೈಗೆ ರಜೆ ಹಾಕಿ ಟಿಕೆಟ್ ಮಾಡಿದೆ. ಫೋನ್‌ನಲ್ಲಿ ಹೇಳಿದರೆ ಅವ್ವನಿಗೆ ಖುಷಿಗಿಂತ ಚಿಂತೆ ಜಾಸ್ತಿ: "ಆ ಮಳೆಯಲ್ಲಿ ಬಂದು ಏನು ಮಾಡ್ತೀಯ, ಕರೆಂಟೂ ಇರಲ್ಲ." ಹಣ್ಣು ಆರಿಸುತ್ತೇನೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಬರುವಾಗ ಒಳ್ಳೆ ಗಮ್‌ಬೂಟ್ ತಗೊಂಡು ಬಾ, ನಿನ್ನ ಹಳೇದು ಹರಿದಿದೆ" ಅಂದಳು.