ಇಪ್ಪತ್ತೈದು ನಿಮಿಷ ನನಗೆ ಕೊಡುವವರು ಯಾರು?

ನನ್ನದು ಸಂಬಳ ವಿಭಾಗದ ಕೆಲಸ. ತಿಂಗಳ ಕೊನೆಯ ವಾರ ಬಂತೆಂದರೆ ಹಾಜರಿ ಪುಸ್ತಕ ಒಂದು ಕಡೆ, ಓವರ್‌ಟೈಮ್ ಪಟ್ಟಿ ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಬೇಕು. ನೂರನೇ ಸಾಲಿನ ಹತ್ತಿರ ಬಂದಾಗ ಯಾರಾದರೂ ಬಂದು, "ಮೇಡಂ, ಒಂದು ನಿಮಿಷ ಬಿಡುವಿದೆಯಾ?" ಎನ್ನುತ್ತಾರೆ. ಬಿಡುವಿಲ್ಲ ಎಂದು ಹೇಳಿದರೂ ಆ ನಿಮಿಷ ಹೋದಂತೆಯೇ. ಅವರು ಹೋದ ಮೇಲೆ ಪರದೆ ನೋಡಿದರೆ ಯಾವ ಸಾಲಿನಲ್ಲಿದ್ದೆ ಎಂಬುದೇ ನೆನಪಿಲ್ಲ. ಅನುಮಾನಕ್ಕೆ ಇಪ್ಪತ್ತು ಸಾಲು ಹಿಂದಕ್ಕೆ ಹೋಗಿ ಮತ್ತೆ ಶುರು.

ಇದಕ್ಕೆ ಮದ್ದು ಎಂದು ಯಾರೋ ಪೊಮೊಡೊರೊ ವಿಧಾನ ಹೇಳಿಕೊಟ್ಟರು. 25 ನಿಮಿಷ ಒಂದೇ ಕೆಲಸ, 5 ನಿಮಿಷ ವಿರಾಮ; ಇಂಥ ನಾಲ್ಕು ಸುತ್ತು ಮುಗಿದ ಮೇಲೆ ದೊಡ್ಡ ವಿರಾಮ. ಉತ್ಸಾಹದಿಂದ ಟೈಮರ್ ಇಟ್ಟುಕೊಂಡೆ. ಮೊದಲ ದಿನ ಒಂಬತ್ತು ಸುತ್ತು ಆರಂಭಿಸಿದೆ, ಎರಡು ಮುಗಿಸಿದೆ. ಮೂಲ ನಿಯಮ ಕಟ್ಟುನಿಟ್ಟಿನದು: ಸುತ್ತನ್ನು ಒಡೆಯುವಂತಿಲ್ಲ, ನಡುವೆ ಎದ್ದು ಹೋದರೆ ಆ ಸುತ್ತು ಲೆಕ್ಕಕ್ಕಿಲ್ಲ. ಹಾಗೆ ಏಳು ಸುತ್ತುಗಳು ನೀರಿಗೆ ಹೋದವು. ಮೊದಲು ಬರೀ ಅಡಚಣೆಯಿತ್ತು, ಈಗ ಅದರ ಜೊತೆಗೆ ಸೋಲಿನ ಅಂಕಪಟ್ಟಿಯೂ ಸೇರಿಕೊಂಡಿತು.

ತಪ್ಪು ವಿಧಾನದ್ದು ಎಂದು ಬೈಯುವ ಮೊದಲು ಅದು ಹುಟ್ಟಿದ್ದು ಎಲ್ಲಿ ಎಂದು ನೋಡಬೇಕು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಓದಿನ ಮೇಲೆ ಮನಸ್ಸು ನಿಲ್ಲದೆ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಎದುರಿಗಿಟ್ಟುಕೊಂಡು ಓದಲು ಕುಳಿತ. ಇಟಾಲಿಯನ್‌ನಲ್ಲಿ ಪೊಮೊಡೊರೊ ಎಂದರೆ ಟೊಮೆಟೊ. ಪರೀಕ್ಷೆಗೆ ಓದುವವನ ಶತ್ರು ಅವನ ಮನಸ್ಸು ಮಾತ್ರ. ಅವನ ಮೇಜಿನ ಬಳಿ ರಜೆ ಎಷ್ಟು ಉಳಿದಿದೆ ಎಂದು ಕೇಳುವವರು ನಿಂತಿರುವುದಿಲ್ಲ. ನನ್ನ ಮೇಜಿನ ಬಳಿ ನಿಂತಿರುತ್ತಾರೆ.

ಹಾಗೆಂದು ಚಿರಿಲ್ಲೊ ಅಡಚಣೆಯ ವಿಷಯವನ್ನು ಮರೆತವನಲ್ಲ. ಅವನ ಪದ್ಧತಿಯಲ್ಲಿ ಟೈಮರ್ ಅರ್ಧ ಭಾಗ, ಕಾಗದ ಇನ್ನರ್ಧ. ಮನಸ್ಸು ತಾನಾಗಿ ಬೇರೆ ಕಡೆಗೆ ಎಳೆದರೆ ಕಾಗದದ ಮೇಲೆ ಒಂದು ಸಣ್ಣ ಕೊಕ್ಕೆ. ಹೊರಗಿನಿಂದ ಯಾರಾದರೂ ಎಳೆದರೆ ಒಂದು ಅಡ್ಡಗೆರೆ. ಮೊಬೈಲಿನ ಟೈಮರ್‌ಗಳನ್ನಷ್ಟೇ ನಂಬಿದವರಿಗೆ ಈ ಅರ್ಧ ಕಾಣಿಸುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ, ನಮ್ಮಂಥವರಿಗೆ ಬೇಕಾದದ್ದು ಇದೇ ಅರ್ಧ.

ಟೈಮರನ್ನು ಪಕ್ಕಕ್ಕಿಟ್ಟು ಮೂರು ದಿನ ಬರೀ ಗುರುತು ಹಾಕಿದೆ, ಪ್ರತಿ ಗುರುತಿನ ಪಕ್ಕದಲ್ಲಿ ಗಂಟೆ ಬರೆದೆ. ಮೂರನೆಯ ದಿನ ಸಂಜೆ ಗುರುತುಗಳ ನಡುವಿನ ಅಂತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ. ಎರಡು ಮೂರು ನಿಮಿಷದ ಚೂರುಗಳನ್ನು ಬಿಟ್ಟರೆ, ಕೆಲಸಕ್ಕೆ ಬರುವಂಥ ಅಂತರಗಳು ಇಪ್ಪತ್ತು ಸಿಕ್ಕವು. ಅವುಗಳಲ್ಲಿ 25 ನಿಮಿಷ ದಾಟಿದ್ದು ನಾಲ್ಕೇ ನಾಲ್ಕು. 15 ನಿಮಿಷ ದಾಟಿದ್ದು ಹದಿನಾಲ್ಕು. ಅಂದರೆ 25 ನಿಮಿಷದ ಸುತ್ತು ಇಟ್ಟುಕೊಂಡರೆ ಐದರಲ್ಲಿ ನಾಲ್ಕು ಒಡೆಯುವುದು ಮೊದಲೇ ಗೊತ್ತಿದ್ದ ಸಂಗತಿ. ನನ್ನ ಇಚ್ಛಾಶಕ್ತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಇಲ್ಲಿ ಸರಾಸರಿ ತೆಗೆದು ಮೋಸ ಹೋಗಬೇಡಿ. ಒಂದು ಶಾಂತ ಮಧ್ಯಾಹ್ನ ಸಿಕ್ಕ ಒಂದು ಗಂಟೆಯ ಅಂತರ ಸರಾಸರಿಯನ್ನು ಮೇಲಕ್ಕೆತ್ತಿಬಿಡುತ್ತದೆ. ಹತ್ತರಲ್ಲಿ ಏಳು ಸಲ ಸಿಗುವ ಉದ್ದ ಯಾವುದೋ ಅದನ್ನು ಹಿಡಿಯಬೇಕು. ನನಗೆ ಅದು 15.

ಈಗ ನನ್ನ ಗಂಟೆ ಹೀಗಿದೆ: 15 ನಿಮಿಷ ಬಾಗಿಲು ಮುಚ್ಚಿದ ಸುತ್ತು, 10 ನಿಮಿಷ ತೆರೆದ ಹೊತ್ತು, ಮತ್ತೆ 15, ಮತ್ತೆ 10, ಕೊನೆಯ 10 ನಿಮಿಷ ವಿರಾಮ. ತೆರೆದ ಹೊತ್ತನ್ನೂ ವಿರಾಮವನ್ನೂ ಬೇರೆ ಬೇರೆ ಇಟ್ಟಿದ್ದು ಬೇಕೆಂದೇ. ಮೊದಲು ವಿರಾಮದಲ್ಲೇ ಸಂದೇಶಗಳಿಗೆ ಉತ್ತರಿಸುತ್ತಿದ್ದೆ, ಸಂಜೆಯಾಗುವಷ್ಟರಲ್ಲಿ ತಲೆ ಕಲ್ಲಾಗಿರುತ್ತಿತ್ತು. ಹತ್ತು ಜನರ ಪ್ರಶ್ನೆಗೆ ಉತ್ತರ ಬರೆಯುವುದನ್ನು ವಿಶ್ರಾಂತಿ ಎಂದು ಕರೆದ ತಪ್ಪು ನನ್ನದೇ.

ಹದಿನೈದಕ್ಕೆ ಇನ್ನೊಂದು ಅನುಕೂಲವಿದೆ. "ಇಪ್ಪತ್ತೈದು ನಿಮಿಷ ಬಿಟ್ಟು ಬನ್ನಿ" ಎಂದರೆ ಎದುರಿನವರ ಮುಖ ಸಣ್ಣದಾಗುತ್ತದೆ. ಸುತ್ತಿನ ಅರ್ಧದಲ್ಲಿ ಬಂದವರಿಗೆ ನಾನು ಹೇಳಬೇಕಾದದ್ದು ಏಳೆಂಟು ನಿಮಿಷ ಅಷ್ಟೆ: "10.15ಕ್ಕೆ ನಾನೇ ನಿಮ್ಮ ಮೇಜಿಗೆ ಬರುತ್ತೇನೆ." 'ಆಮೇಲೆ' ಎನ್ನುವುದಿಲ್ಲ, ಗಡಿಯಾರದ ಹೊತ್ತನ್ನೇ ಹೇಳುತ್ತೇನೆ. ಚಿರಿಲ್ಲೊ ಇದಕ್ಕೆ ನಾಲ್ಕು ಹೆಜ್ಜೆ ಹೇಳಿದ್ದಾನೆ: ಕೆಲಸದಲ್ಲಿದ್ದೇನೆ ಎಂದು ತಿಳಿಸುವುದು, ಹೊತ್ತನ್ನು ಮಾತಾಡಿಕೊಳ್ಳುವುದು, ಅದನ್ನು ಗುರುತು ಮಾಡಿಕೊಳ್ಳುವುದು, ಹೇಳಿದ ಹೊತ್ತಿಗೆ ನಾವೇ ಹೋಗುವುದು. ಎಲ್ಲರೂ ಮೊದಲ ಎರಡನ್ನು ಮಾಡಿ ಕೊನೆಯದನ್ನು ನುಂಗಿಹಾಕುತ್ತಾರೆ. ನಾನೂ ಒಂದು ವಾರ ಹಾಗೇ ಮಾಡಿದೆ. ಪರಿಣಾಮ, ಒಬ್ಬ ಸಹೋದ್ಯೋಗಿ "ಪರವಾಗಿಲ್ಲ, ಇಲ್ಲೇ ಕಾಯುತ್ತೇನೆ" ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ಕಾಯುವವರ ಪಕ್ಕದಲ್ಲಿ ಕುಳಿತು ಲೆಕ್ಕ ನೋಡಿದ್ದೀರಾ? ನೋಡಬೇಡಿ.

ಇನ್ನು ನಾನು ಮೂಲ ನಿಯಮವನ್ನು ಮುರಿದ ಜಾಗಕ್ಕೆ ಬರುತ್ತೇನೆ. ಮೇಲಧಿಕಾರಿ ಕರೆದರೆ 10.15ರ ಮಾತು ನಡೆಯುವುದಿಲ್ಲ. ಆಗ ಸುತ್ತು ರದ್ದು ಎನ್ನುತ್ತದೆ ನಿಯಮ. ರದ್ದು ಮಾಡುವುದರ ಉದ್ದೇಶ ನಮ್ಮನ್ನು ನಾವೇ ಮೋಸ ಮಾಡಿಕೊಳ್ಳದಂತೆ ತಡೆಯುವುದು. ಆದರೆ ಇಲ್ಲಿ ಮೋಸ ಮಾಡಿದವರು ಯಾರು? ಆದ್ದರಿಂದ ನನ್ನ ತಿದ್ದುಪಡಿ ಇಷ್ಟೇ: ಅಡ್ಡಗೆರೆ ಬಿದ್ದರೆ ಟೈಮರ್ ನಿಲ್ಲುತ್ತದೆ, ವಾಪಸ್ ಬಂದ ಮೇಲೆ ಉಳಿದ ನಿಮಿಷಗಳು ಓಡುತ್ತವೆ. ಕೊಕ್ಕೆ ಬಿದ್ದು, ಅದರ ಹಿಂದೆಯೇ ನಾನು ಹೋಗಿಬಿಟ್ಟರೆ, ಅಂದರೆ ಯಾರೂ ಕರೆಯದೆ ಮೊಬೈಲ್ ತೆರೆದರೆ, ಸುತ್ತು ಪೂರ್ತಿ ರದ್ದು. ಪರರ ತಪ್ಪಿಗೆ ಮಾಫಿ, ನನ್ನದಕ್ಕೆ ಇಲ್ಲ. ಶುದ್ಧವಾದಿಗಳು ಒಪ್ಪುವುದಿಲ್ಲ, ಗೊತ್ತು.

ಆದರೆ ಟೈಮರ್ ನಿಲ್ಲಿಸಿದ ಮಾತ್ರಕ್ಕೆ ತಲೆ ನಿಲ್ಲುವುದಿಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದಕ್ಕೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಬರೆದರು. 2018ರಲ್ಲಿ ಥೆರೆಸಾ ಗ್ಲಾಂಬ್ ಜೊತೆ ಸೇರಿ ನಡೆಸಿದ ಅಧ್ಯಯನದಲ್ಲಿ ಅವರು ತೋರಿಸಿದ ಉಪಾಯ ಸರಳವಾದದ್ದು: ಕೆಲಸ ಬಿಡುವ ಮುನ್ನ ಎಲ್ಲಿದ್ದೇನೆ, ಬಂದ ಮೇಲೆ ಮೊದಲು ಏನು ಮಾಡಬೇಕು ಎಂದು ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ, ನಡುವೆ ಬಂದ ಕೆಲಸವೂ ಚೆನ್ನಾಗಿ ಆಗುತ್ತದೆ. ಅಂದರೆ ಆ ಚೀಟಿಯಿಂದ ನನ್ನನ್ನು ಎಬ್ಬಿಸಿದವರಿಗೂ ಲಾಭ. ಬೆರಳೆತ್ತಿ "ಹತ್ತು ಸೆಕೆಂಡ್" ಎಂದು ಕೇಳಲು ಈಗ ನನಗೆ ಸಂಕೋಚವಿಲ್ಲ.

ಚೀಟಿ ಬರೆಯುವುದರಲ್ಲೂ ಎಡವಬಹುದು. "ಓವರ್‌ಟೈಮ್ ಪಟ್ಟಿ ನೋಡುತ್ತಿದ್ದೆ" ಎಂದು ಬರೆದರೆ ಅದು ಡೈರಿ, ಚೀಟಿಯಲ್ಲ. "112ರವರೆಗೆ ಸರಿ. 113: ಹಾಜರಿಯಲ್ಲಿ 6 ಗಂಟೆ, ಪಟ್ಟಿಯಲ್ಲಿ 8. ಮೇಲ್ವಿಚಾರಕರ ಸಹಿ ನೋಡು" ಎಂದು ಬರೆದರೆ ಬಂದು ಕುಳಿತ ಕೂಡಲೇ ಕೈ ತಾನಾಗಿ ಹಾಜರಿ ಪುಸ್ತಕಕ್ಕೆ ಹೋಗುತ್ತದೆ. ಬಂದ ಮೇಲೆ ಯೋಚಿಸಬೇಕಾಗಿ ಬಂದರೆ ಚೀಟಿ ಸರಿಯಾಗಿ ಬರೆದಿಲ್ಲವೆಂದೇ ಅರ್ಥ.

ಈ 113ನೇ ಸಾಲು ಕಳೆದ ತಿಂಗಳಿನದೇ. ಆ ದಿನ 10 ಗಂಟೆಗೆ 61ನೇ ಸಾಲಿನಿಂದ ಶುರು ಮಾಡಿದ್ದೆ. 10.07ಕ್ಕೆ ಕೈ ಮೊಬೈಲಿನ ಕಡೆಗೆ ಹೋಯಿತು. ಕೊಕ್ಕೆ ಹಾಕಿ ಕೈಯನ್ನು ವಾಪಸ್ ಕರೆದುಕೊಂಡೆ. 10.09ಕ್ಕೆ ಒಬ್ಬರು ರಜೆಯ ಲೆಕ್ಕ ಕೇಳಲು ಬಂದರು, 10.15 ಎಂದೆ. ತೆರೆದ ಹೊತ್ತಿನಲ್ಲಿ ಅವರ ಮೇಜಿಗೆ ಹೋಗಿ ಹೇಳಿ ಬಂದೆ, ನಾಲ್ಕು ಸಂದೇಶ ನೋಡಿದೆ. ಮೂರಕ್ಕೆ ಅಲ್ಲೇ ಉತ್ತರ. ನಾಲ್ಕನೆಯದು ಅರ್ಧ ಗಂಟೆಯ ಕೆಲಸ. ಅದನ್ನು ಕಾಗದದ ಕೆಳಗೆ 'ಅನಿರೀಕ್ಷಿತ' ಎಂಬ ಸಾಲಿನಲ್ಲಿ ಬರೆದು, ಮಧ್ಯಾಹ್ನ ಮಾಡುತ್ತೇನೆ ಎಂದು ತಿಳಿಸಿದೆ. ತೆರೆದ ಹೊತ್ತು ಉತ್ತರ ಕೊಡಲಿಕ್ಕೆ, ಹೊಸ ಕೆಲಸ ಹಚ್ಚಿಕೊಳ್ಳಲಿಕ್ಕಲ್ಲ. ಇದನ್ನು ಮರೆತ ದಿನ ಹತ್ತು ನಿಮಿಷ ಹೋಗಿ ನಲವತ್ತಾಗುತ್ತದೆ. 10.25ಕ್ಕೆ ಎರಡನೆಯ ಸುತ್ತು. 10.31ಕ್ಕೆ ಮೇಲಧಿಕಾರಿಯ ಕರೆ, ಸಭೆಗೆ ಒಂದು ಅಂಕಿ ಬೇಕಂತೆ. ಟೈಮರ್‌ನಲ್ಲಿ ಒಂಬತ್ತು ನಿಮಿಷ ಉಳಿದಿತ್ತು. ಚೀಟಿ ಬರೆದು ಎದ್ದೆ. ಬಂದದ್ದು 10.48ಕ್ಕೆ. ಒಂಬತ್ತು ನಿಮಿಷ ಮುಗಿಯುವ ಹೊತ್ತಿಗೆ 135ನೇ ಸಾಲಿನಲ್ಲಿದ್ದೆ, ಒಂದು ಸಾಲನ್ನೂ ಎರಡು ಸಲ ನೋಡಲಿಲ್ಲ. ವೇಳಾಪಟ್ಟಿ 17 ನಿಮಿಷ ಹಿಂದೆ ಬಿದ್ದಿತ್ತು. ಅದನ್ನು ಹಿಡಿಯಲು ಓಡಲಿಲ್ಲ, ಮುಂದಿನ ಹೊತ್ತನ್ನು ಅಲ್ಲಿಂದಲೇ ಎಣಿಸಿದೆ.

ಸಂದೇಶಗಳಿಗೆ ಬೇಕಾದದ್ದು ಒಂದು ಒಪ್ಪಂದ ಮಾತ್ರ: ಸಂದೇಶ ಎಂದರೆ ಹದಿನೈದು ನಿಮಿಷ ಕಾಯಬಹುದಾದದ್ದು, ಕಾಯಲಾಗದಿದ್ದರೆ ಕರೆ ಮಾಡಬೇಕು. ಗುಂಪಿನಲ್ಲಿ ಒಮ್ಮೆ ಹೇಳಿ, ಸುತ್ತಿನ ಹೊತ್ತಿಗೆ ಸಂದೇಶದ ಸದ್ದು ನಿಲ್ಲಿಸಿದೆ. ದಿನವಿಡೀ ಕರೆ ಬರಬಹುದು ಎಂದು ಹೆದರಿದ್ದೆ, ಬರಲಿಲ್ಲ. ಕರೆ ಮಾಡಬೇಕು ಎಂದಾದಾಗ ಬಹಳಷ್ಟು ತುರ್ತುಗಳು ತಮ್ಮಷ್ಟಕ್ಕೇ ಕಾಯಲು ಕಲಿತವು.

ಇದು ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಸಾಲು ಸಾಲಾಗಿ ನೋಡುವ ಕೆಲಸಕ್ಕೆ 15 ನಿಮಿಷ ಸಾಕು. ವರದಿ ಬರೆಯಲು ಕುಳಿತರೆ ವಿಷಯ ತಲೆಗೆ ಏರುವಷ್ಟರಲ್ಲೇ ಐದಾರು ನಿಮಿಷ ಕಳೆದಿರುತ್ತದೆ. ವಾರದ ಕಾಗದದಲ್ಲಿ ಲೆಕ್ಕಪತ್ರದ ಸುತ್ತುಗಳು ಮುಗಿಯುತ್ತಿವೆ, ವರದಿ ಮಾತ್ರ ಮೊದಲ ಪುಟದಲ್ಲೇ ಇದೆ ಎಂದು ಕಂಡರೆ ರೋಗ ಇದೇ. ಸ್ವಾಗತದ ಮೇಜು, ಸಹಾಯವಾಣಿ, ವಾರ್ಡಿನ ಕೆಲಸ ಇಂಥವುಗಳಲ್ಲಿ ಬರುವವರೇ ಕೆಲಸ. ಮೂರು ದಿನದ ಅಡ್ಡಗೆರೆಗಳಲ್ಲಿ ಹೆಚ್ಚಿನವು ಹದಿನೈದು ನಿಮಿಷ ಕಾಯುವಂಥವಲ್ಲ ಎಂದಾದರೆ ಟೈಮರನ್ನು ಅಡುಗೆಮನೆಗೇ ವಾಪಸ್ ಕೊಡಿ, ಚೀಟಿಯನ್ನು ಮಾತ್ರ ಇಟ್ಟುಕೊಳ್ಳಿ.

ವರದಿಗೆ ನಾನು ಕಂಡುಕೊಂಡ ದಾರಿ ಪಕ್ಕದ ಮೇಜಿನವರ ಜೊತೆ ಅದಲುಬದಲು. ಮಧ್ಯಾಹ್ನ 3ರಿಂದ 3.25ರವರೆಗೆ ನನ್ನ ಫೋನನ್ನೂ ನನ್ನನ್ನು ಕೇಳಿಕೊಂಡು ಬಂದವರನ್ನೂ ಅವರು ನೋಡಿಕೊಳ್ಳುತ್ತಾರೆ, 3.30ರಿಂದ 3.55ರವರೆಗೆ ಅವರ ಪಾಲಿನದನ್ನು ನಾನು. ದಿನಕ್ಕೆ ಒಂದೇ ಒಂದು ಪೂರ್ತಿ ಟೊಮೆಟೊ, ಅದೂ ಸಾಲವಾಗಿ ತಂದದ್ದು. ಮೊನ್ನೆ 3.10ಕ್ಕೆ ಒಬ್ಬರು ಬಂದು ಅವರ ಹತ್ತಿರ ನನ್ನ ಬಗ್ಗೆ ಕೇಳಿದರು. ಅವರು ತಲೆ ಎತ್ತದೆ ಹೇಳಿದ್ದು ನನಗೆ ಕೇಳಿಸಿತು: "ಇಲ್ಲೇ ಇದ್ದಾರೆ, ಆದರೆ 3.25ರವರೆಗೆ ಇಲ್ಲ."